‘ಎಲ್ಲಿ ಬರೆದಿದೆ ನಿಮ್ಮ ಜಾಗ ಅಂತ?’

ಪ್ರಶ್ನೆ: ಹಾಸನದ ವಿದ್ಯಾನಗರದಲ್ಲಿ ಹದಿನಾರು ಮನೆಗಳ ಅಪಾರ್ಟ್‌ಮೆಂಟ್ ನಮ್ಮದು. ಸ್ವಂತ ಫ್ಲ್ಯಾಟ್. ಕೆಳಗಡೆ ಎರಡು ಕಂಬಗಳ ನಡುವೆ ಎರಡು ಕಾರು ನಿಲ್ಲುತ್ತವೆ. 7 ನಮ್ಮದು, 8 ಮೇಲಿನ ಮನೆಯವರದು. ಅವರಿಗೆ ಸಕಲೇಶಪುರದ ಕಡೆ ತೋಟ ಇದೆ, ಮಕ್ಕಳ ಓದಿಗೆ ಅಂತ ಇಲ್ಲಿ ಮನೆ ಮಾಡಿದ್ದಾರೆ. ಶುಕ್ರವಾರ ರಾತ್ರಿ ಅವರ ಯಜಮಾನರು ಸ್ಕಾರ್ಪಿಯೊ ಎನ್ ತಂದು ನಿಲ್ಲಿಸಿದರೆ ಸೋಮವಾರದವರೆಗೆ ನಮ್ಮ ಸ್ವಿಫ್ಟ್ ಬಾಗಿಲು ತೆಗೆಯೋಕೆ ಆಗುವುದಿಲ್ಲ. ಕೇಳಿದ್ದಕ್ಕೆ ‘ಎಲ್ಲಿ ಬರೆದಿದೆ ನಿಮ್ಮ ಜಾಗ ಅಂತ’ ಅಂದರು. ವಾಟ್ಸಾಪ್ ಗ್ರೂಪಿಗೆ ಫೋಟೊ ಹಾಕಿದೆ, ದೊಡ್ಡ ಜಗಳ ಆಯಿತು. ಈಗ ಅವರು ‘ಬೆಳಗ್ಗೆ ಐದಕ್ಕೇ ನಿಮ್ಮ ಮಿಕ್ಸಿ ಸದ್ದು’ ಅಂತ ಶುರು ಮಾಡಿದ್ದಾರೆ. ನಮ್ಮನೆಯವರು ಕಬ್ಬಿಣದ ಕಂಬ ನೆಟ್ಟು ಚೈನ್ ಹಾಕೋಣ ಅಂತಿದ್ದಾರೆ. ಪೊಲೀಸರ ಹತ್ತಿರ ಹೋಗೋದೇ ಒಳ್ಳೇದಾ?

ಉತ್ತರ: ಚೈನ್ ಬೇಡ. ಪೊಲೀಸ್ ಕೂಡ ಈಗಲೇ ಬೇಡ. ಮೇಲಿನ ಮನೆಯವರು ಸಿಟ್ಟಿನಲ್ಲೇ ಕೇಳಿರಬಹುದು, ಆದರೆ ಅವರ ಪ್ರಶ್ನೆ ಸರಿಯಾಗಿಯೇ ಇದೆ. ಎಲ್ಲಿ ಬರೆದಿದೆ ಅನ್ನೋದು ನಿಮಗೂ ಗೊತ್ತಿಲ್ಲ ಅಂತ ನಿಮ್ಮ ಪತ್ರ ಓದಿದರೆ ಅನಿಸುತ್ತದೆ. ಮಾತಿಗೆ ಹೋಗುವ ಮೊದಲು ಅದನ್ನು ಹುಡುಕಿ.

ನಿಮ್ಮ ಕ್ರಯಪತ್ರ ತೆಗೆಯಿರಿ. ಕೊನೆಯ ಪುಟಗಳಲ್ಲಿ ಷೆಡ್ಯೂಲ್‌ಗಳು ಇರುತ್ತವೆ. ಸಾಮಾನ್ಯವಾಗಿ ‘ಎ’ ಅಂದರೆ ಇಡೀ ನಿವೇಶನ, ‘ಬಿ’ ಅಂದರೆ ಅದರಲ್ಲಿ ನಿಮ್ಮ ಅವಿಭಜಿತ ಪಾಲು, ‘ಸಿ’ ಅಂದರೆ ನಿಮ್ಮ ಫ್ಲ್ಯಾಟ್. ಆ ‘ಸಿ’ ಷೆಡ್ಯೂಲ್ ಕೊನೆಯಲ್ಲಿ ಒಂದು ಸಾಲು ಇರಬೇಕು. ಕೆಲವರ ಪತ್ರದಲ್ಲಿ ‘ಕಾರ್ ಪಾರ್ಕಿಂಗ್ ನಂಬರ್ 7’ ಅಂತಲೇ ಇರುತ್ತದೆ. ನಮ್ಮ ಕಡೆಯ ಸಣ್ಣ ಕಟ್ಟಡಗಳಲ್ಲಿ ನಾನು ಜಾಸ್ತಿ ನೋಡಿರುವುದು ಬರೀ ‘ಒಂದು ಕಾರ್ ಪಾರ್ಕಿಂಗ್ ಸಹಿತ’ ಅನ್ನುವ ಮಾತು. ಎರಡಕ್ಕೂ ವ್ಯತ್ಯಾಸ ಇದೆ. ಎರಡನೆಯದರಲ್ಲಿ ಒಂದು ಕಾರು ನಿಲ್ಲಿಸುವ ಹಕ್ಕು ನಿಮಗಿದೆ, ಆದರೆ ಯಾವ ಕಂಬದ ಪಕ್ಕ ಅನ್ನೋದು ಬಿಲ್ಡರ್ ಬಣ್ಣದಲ್ಲಿ ಬರೆದ ನಂಬರಿನಿಂದಲೂ ಇಷ್ಟು ವರ್ಷದ ರೂಢಿಯಿಂದಲೂ ಬಂದದ್ದು. ಹಾಗಿದ್ದರೆ ಬಿಲ್ಡರ್ ಕೊಟ್ಟ ಅಲಾಟ್‌ಮೆಂಟ್ ಪತ್ರ, ಅದರ ಜೊತೆಗಿನ ಪಾರ್ಕಿಂಗ್ ನಕ್ಷೆ ಹುಡುಕಿ. ನಿಮ್ಮ ಕಟ್ಟಡಕ್ಕೆ ಡೀಡ್ ಆಫ್ ಡಿಕ್ಲರೇಷನ್, ಅಂದರೆ ಕಟ್ಟಡವನ್ನು ಅಪಾರ್ಟ್‌ಮೆಂಟ್ ಕಾಯ್ದೆಗೆ ಒಳಪಡಿಸುವ ಘೋಷಣಾ ಪತ್ರ, ಆಗಿದ್ದರೆ ಅದರ ನಕಲು ಸಬ್ ರಿಜಿಸ್ಟ್ರಾರ್ ಕಚೇರಿಯಲ್ಲಿ ಸಿಗುತ್ತದೆ. ಯಾವ ಜಾಗ ಯಾರ ಬಳಕೆಗೆ ಅಂತ ಅದರಲ್ಲಿ ಬರೆದಿದ್ದರೆ ನಿಮ್ಮ ಅರ್ಧ ಜಗಳ ಅಲ್ಲೇ ಮುಗಿಯಿತು.

ಒಂದು ವಿಷಯ ಮಾತ್ರ ಮನಸ್ಸಿನಲ್ಲಿ ಇಟ್ಟುಕೊಳ್ಳಿ. ‘ನಾವು ದುಡ್ಡು ಕೊಟ್ಟು ತಗೊಂಡಿರೋ ಜಾಗ’ ಅನ್ನುವ ವಾದ ನೀವು ಅಂದುಕೊಂಡಷ್ಟು ಗಟ್ಟಿಯಲ್ಲ. ಕರ್ನಾಟಕದ 1972ರ ಅಪಾರ್ಟ್‌ಮೆಂಟ್ ಮಾಲೀಕತ್ವ ಕಾಯ್ದೆ ಪ್ರಕಾರ, ಡಿಕ್ಲರೇಷನ್‌ನಲ್ಲಿ ಬೇರೆ ರೀತಿ ಹೇಳಿಲ್ಲದಿದ್ದರೆ ಪಾರ್ಕಿಂಗ್ ಜಾಗ ಎಲ್ಲರಿಗೂ ಸೇರಿದ್ದು. ಕಂಬಗಳ ಕೆಳಗಿನ ತೆರೆದ ಪಾರ್ಕಿಂಗನ್ನು ಫ್ಲ್ಯಾಟಿನಂತೆ ಬೇರೆಯಾಗಿ ಮಾರಲು ಬಿಲ್ಡರ್‌ಗೆ ಬರುವುದಿಲ್ಲ ಅಂತ 2010ರಲ್ಲಿ ಸುಪ್ರೀಂ ಕೋರ್ಟ್ ನಹಲ್‌ಚಂದ್ ಲಾಲೂಚಂದ್ ಪ್ರಕರಣದಲ್ಲಿ ಹೇಳಿತು. ಅದು ಮಹಾರಾಷ್ಟ್ರದ ಕಾಯ್ದೆ ಮೇಲಿನ ತೀರ್ಪು, ಆದರೂ ಪಾರ್ಕಿಂಗ್ ವ್ಯಾಜ್ಯ ಎಲ್ಲೇ ಬರಲಿ ವಕೀಲರು ಅದನ್ನೇ ಎತ್ತುತ್ತಾರೆ. ರಿಯಲ್ ಎಸ್ಟೇಟ್ ನಿಯಂತ್ರಣಕ್ಕೆ ಬಂದ 2016ರ ರೇರಾ ಕಾಯ್ದೆಯಲ್ಲೂ, ಮಾರಬಹುದಾದ ಗ್ಯಾರೇಜ್ ಅಂದರೆ ಮೇಲೆ ಚಾವಣಿ, ಮೂರು ಕಡೆ ಗೋಡೆ ಇರಬೇಕು. ನಿಮ್ಮದು ಕಂಬದ ನಡುವಿನ ಜಾಗ. ಹಾಗಾಗಿ ‘ಇದು ನನ್ನದು’ ಅನ್ನಬೇಡಿ, ‘ಇದನ್ನು ನಮ್ಮ ಬಳಕೆಗೆ ಕೊಟ್ಟಿದ್ದಾರೆ’ ಅನ್ನಿ. ಚೈನ್ ಬೇಡ ಅಂದಿದ್ದೂ ಇದಕ್ಕೇ. ಎಲ್ಲರ ಜಾಗದಲ್ಲಿ ಒಬ್ಬರು ಕಬ್ಬಿಣ ನೆಟ್ಟರೆ ಅದೇ ದೊಡ್ಡ ತಪ್ಪಾಗಿ, ಸ್ಕಾರ್ಪಿಯೊ ಮಾತು ಎಲ್ಲರಿಗೂ ಮರೆತೇ ಹೋಗುತ್ತದೆ. ಹಿಂದೆ ಅಡ್ಡ ನಿಲ್ಲಿಸುವುದು, ಟೈರಿನ ಗಾಳಿ ಬಿಡುವುದು, ವೈಪರ್ ಎತ್ತುವುದು ಇದ್ಯಾವುದಕ್ಕೂ ಕೈ ಹಾಕಬೇಡಿ. ಗಾಡಿಗೆ ಹಾನಿಯಾದರೆ ಕೇಸ್ ನಿಮ್ಮ ಮೇಲೇ ಆಗುತ್ತದೆ.

ಕಾಗದ ನೋಡಿದ್ದಾಯಿತು ಅಂದರೆ ಮುಂದೆ ಟೇಪ್ ಹಿಡಿಯಿರಿ. ಪಾರ್ಕಿಂಗ್ ಜಗಳದಲ್ಲಿ ಎಲ್ಲರೂ ಬಿಟ್ಟುಬಿಡುವ ಕೆಲಸ ಇದು, ನನ್ನ ಅನುಭವದಲ್ಲಿ ಹೆಚ್ಚು ಉಪಯೋಗಕ್ಕೆ ಬರುವುದೂ ಇದೇ.

ಒಂದು ಕಾರಿಗೆ ಸಾಮಾನ್ಯವಾಗಿ ಎರಡೂವರೆ ಮೀಟರ್ ಅಗಲ, ಐದು ಮೀಟರ್ ಉದ್ದ ಲೆಕ್ಕ ಹಾಕುತ್ತಾರೆ. ಅಂದರೆ ಎರಡು ಕಾರಿಗೆ ಐದು ಮೀಟರ್ ಅಗಲ ಬೇಕು. ಸಣ್ಣ ಕಟ್ಟಡಗಳಲ್ಲಿ ಕಂಬದಿಂದ ಕಂಬಕ್ಕೆ ಇಷ್ಟು ಸಿಗುವುದು ಅಪರೂಪ. ಮೇಲಿನ ರೂಮುಗಳ ಲೆಕ್ಕದಲ್ಲಿ ಕಂಬ ನಿಲ್ಲಿಸಿರುತ್ತಾರೆ, ಕಾರಿನ ಲೆಕ್ಕದಲ್ಲಿ ಅಲ್ಲ. ನಿಮ್ಮಲ್ಲಿ ಕಂಬದ ಒಳ ಅಂಚಿನಿಂದ ಒಳ ಅಂಚಿಗೆ ಹದಿನೈದು ಅಡಿ ಒಂದಿಂಚು, ಅಂದರೆ 460 ಸೆಂಟಿಮೀಟರ್ ಇದೆ ಅಂತ ಇಟ್ಟುಕೊಳ್ಳೋಣ. ನಿಮ್ಮ ಸ್ವಿಫ್ಟ್ ಅಗಲ ಕನ್ನಡಿ ಬಿಟ್ಟು 173 ಸೆಂಟಿಮೀಟರ್ ಚಿಲ್ಲರೆ. ಸ್ಕಾರ್ಪಿಯೊ ಎನ್ ಸುಮಾರು 192. ಎರಡೂ ಸೇರಿ 365. ಉಳಿದದ್ದು 95. ಈ 95 ಸೆಂಟಿಮೀಟರನ್ನು ಮೂರು ಕಡೆ ಹಂಚಬೇಕು: ಒಂದು ಕಂಬದ ಪಕ್ಕ, ಎರಡು ಕಾರುಗಳ ನಡುವೆ, ಇನ್ನೊಂದು ಕಂಬದ ಪಕ್ಕ.

ಒಬ್ಬರು ಆರಾಮಾಗಿ ಬಾಗಿಲು ತೆಗೆದು ಇಳಿಯಲು ಅರವತ್ತು ಸೆಂಟಿಮೀಟರ್ ಆದರೂ ಬೇಕು. ನಮ್ಮ ಕಾರುಗಳಲ್ಲಿ ಡ್ರೈವರ್ ಬಲಗಡೆ. ಇಬ್ಬರೂ ಮೂತಿ ಒಳಗೆ ಮಾಡಿ ನಿಲ್ಲಿಸಿದರೆ ಎಡಗಡೆ ಕಾರಿನವರು ನಡುವಿನ ಸಂದಿಗೆ ಇಳಿಯುತ್ತಾರೆ, ಬಲಗಡೆ ಕಾರಿನವರು ಆ ಕಡೆಯ ಕಂಬದ ಪಕ್ಕ ಇಳಿಯುತ್ತಾರೆ. ಇಬ್ಬರಿಗೂ ಬೇರೆ ಬೇರೆ ಅರವತ್ತು, ಅಂದರೆ ಅಲ್ಲಿಗೇ 120 ಆಯಿತು. ಇರುವುದು 95. ಹಾಗಾಗಿ ಮೊದಲು ಬಂದವರು ತಮಗೆ ಇಳಿಯಲು ಜಾಗ ಬಿಟ್ಟುಕೊಂಡು ಸರಿದು ನಿಲ್ಲಿಸುತ್ತಾರೆ, ಆಮೇಲೆ ಬಂದವರಿಗೆ ಬಾಗಿಲು ತೆರೆಯುವುದಿಲ್ಲ. ನಿಮ್ಮಲ್ಲಿ ಆಗುತ್ತಿರುವುದು ಇದೇ ಇರಬೇಕು. ಅವರು ಬೇಕು ಅಂತ ಮಾಡುತ್ತಿದ್ದಾರೆ ಅಂತ ನಿಮಗೆ ಅನಿಸುತ್ತದೆ. ‘ನನ್ನ ಗಾಡಿಯಿಂದ ನಾನು ಇಳಿಯೋದೂ ಬೇಡವಾ’ ಅಂತ ಅವರಿಗೆ ಅನಿಸುತ್ತಿರುತ್ತದೆ.

ಇದಕ್ಕೆ ಸುಲಭದ ಉಪಾಯ ಇದೆ. ಗಾಡಿ ಓಡಾಡುವ ದಾರಿಯಲ್ಲಿ ನಿಂತು ಪಾರ್ಕಿಂಗ್ ಕಡೆ ನೋಡಿ. ನಿಮ್ಮ ಎಡಕ್ಕೆ ಕಾಣುವ ಕಾರು ಮೂತಿ ಒಳಗೆ ಹಾಕಿ ನಿಲ್ಲಲಿ. ಬಲಕ್ಕೆ ಕಾಣುವ ಕಾರು ರಿವರ್ಸ್‌ನಲ್ಲಿ ಹೋಗಿ ಮೂತಿ ಹೊರಗೆ ಮಾಡಿ ನಿಲ್ಲಲಿ. ಆಗ ಎರಡೂ ಕಾರಿನ ಡ್ರೈವರ್ ಬಾಗಿಲು ನಡುವಿನ ಒಂದೇ ಸಂದಿಗೆ ತೆರೆಯುತ್ತವೆ. ಇಬ್ಬರೂ ಒಂದೇ ಕ್ಷಣಕ್ಕೆ ಇಳಿಯುವುದಿಲ್ಲವಲ್ಲ, ಒಂದೇ ಜಾಗ ಇಬ್ಬರಿಗೂ ಸಾಕು. ನಡುವೆ 65, ಆಚೆ ಈಚೆ ಕಂಬಕ್ಕೆ ಹದಿನೈದು ಹದಿನೈದು. ಸರಿಯಾಗಿ 95. ಕಂಬದ ಕಡೆಯ ಕನ್ನಡಿ ಮಡಚಬೇಕು, ಜೊತೆಯಲ್ಲಿ ಇರುವವರು ಕಾರು ಒಳಗೆ ಹೋಗುವ ಮೊದಲೇ ಇಳಿಯಬೇಕು, ಅಷ್ಟೇ. ಆಗ ನಡುವಿನ ಗೆರೆ ನಟ್ಟನಡುವೆ ಬರುವುದಿಲ್ಲ, ನಿಮ್ಮ ಕಡೆಗೆ ಒಂಬತ್ತು ಸೆಂಟಿಮೀಟರ್ ಸರಿಯುತ್ತದೆ. ಅಷ್ಟು ಬಿಟ್ಟುಕೊಡಿ. ಅದರ ಬದಲಿಗೆ ನಿಮಗೆ ತೆರೆಯುವ ಬಾಗಿಲು ಸಿಗುತ್ತದೆ, ಮಾತಿಗೆ ಕೂತಾಗ ‘ನಾವೂ ಸ್ವಲ್ಪ ಬಿಟ್ಟಿದ್ದೇವೆ’ ಅನ್ನುವ ಬಾಯಿ ಕೂಡ.

ಅಳೆದಾಗ 460ಕ್ಕಿಂತ ತುಂಬಾ ಕಡಿಮೆ ಬಂದರೆ ಈ ಉಪಾಯ ನಡೆಯುವುದಿಲ್ಲ. ಆಗ ದೊಡ್ಡ ಗಾಡಿಯನ್ನು ಒಂದು ಬದಿ ತೆರೆದಿರುವ ಕೊನೆಯ ಜಾಗಕ್ಕೆ ಹಾಕಿ, ಅಲ್ಲಿಯ ಸಣ್ಣ ಕಾರನ್ನು ಇಲ್ಲಿಗೆ ತರಬೇಕಾಗುತ್ತದೆ. ಅದಕ್ಕೆ ಮೂರನೇ ಮನೆಯವರ ಒಪ್ಪಿಗೆ ಬೇಕು, ಆದ್ದರಿಂದ ಅದು ಸಭೆಯಲ್ಲಿ ಆಗಬೇಕಾದ ಮಾತು.

ಈಗ ಮಾತಿನ ವಿಷಯ. ಶುಕ್ರವಾರ ರಾತ್ರಿ ಗಾಡಿ ಬಂದು ನಿಂತಾಗ ಕೆಳಗೆ ಇಳಿಯಬೇಡಿ. ತೋಟದ ಕೆಲಸ ಮುಗಿಸಿ ಗಾಡಿ ಓಡಿಸಿಕೊಂಡು ಬಂದ ಮನುಷ್ಯ ಆ ಹೊತ್ತಿಗೆ ಏನು ಹೇಳಿದರೂ ಕೇಳುವುದಿಲ್ಲ. ಸೋಮವಾರ ಬೆಳಗ್ಗೆ ಸ್ಕೂಲಿನ ಹೊತ್ತೂ ಬೇಡ. ಶನಿವಾರ ಮೇಲಿನ ಮನೆಯ ಹೆಂಗಸರಿಗೆ ಫೋನ್ ಮಾಡಿ, ‘ಅಕ್ಕಾ, ನಾಳೆ ಹನ್ನೊಂದು ಗಂಟೆಗೆ ಹತ್ತು ನಿಮಿಷ ಬರಬಹುದಾ, ಅಣ್ಣನೂ ಇರಲಿ’ ಅಂತ ಕೇಳಿ. ವಾರವೆಲ್ಲ ಆ ಮನೆ ನಡೆಸುವವರು ಅವರು, ನಿಮ್ಮ ಜೊತೆ ಮೆಟ್ಟಿಲಲ್ಲಿ ಮುಖಾಮುಖಿ ಆಗುವವರೂ ಅವರೇ. ಜಗಳ ಬೇಗ ಮುಗಿಯಲಿ ಅಂತ ಅವರಿಗೇ ಜಾಸ್ತಿ ಇರುತ್ತದೆ. ನಿಮ್ಮ ಮನೆಯವರಿಗೆ ಸಿಟ್ಟು ಇನ್ನೂ ಇಳಿಯದಿದ್ದರೆ ನೀವೊಬ್ಬರೇ ಹೋಗಿ.

ಹೋದ ತಕ್ಷಣ ಪಾರ್ಕಿಂಗ್ ತೆಗೆಯಬೇಡಿ, ಮಿಕ್ಸಿ ತೆಗೆಯಿರಿ. ಇದು ನಿಮಗೆ ಇಷ್ಟವಾಗಲಿಕ್ಕಿಲ್ಲ. ಆದರೆ ಮಿಕ್ಸಿ ವಿಷಯದಲ್ಲಿ ಅವರ ಮಾತಿನಲ್ಲಿ ಹುರುಳಿದೆ. 2000ದ ಶಬ್ದ ಮಾಲಿನ್ಯ ನಿಯಮಗಳ ಪ್ರಕಾರ ರಾತ್ರಿ ಅಂದರೆ ಹತ್ತರಿಂದ ಬೆಳಗ್ಗೆ ಆರರವರೆಗೆ. ವಸತಿ ಪ್ರದೇಶಕ್ಕೆ ಹಗಲು 55 ಡೆಸಿಬಲ್, ರಾತ್ರಿ 45 ಮಿತಿ. ಅಡುಗೆಮನೆಯ ಮಿಕ್ಸಿ ಅಳೆಯಲು ಯಾರೂ ಮೀಟರ್ ತರುವುದಿಲ್ಲ ಬಿಡಿ, ಆದರೂ ಐದು ಗಂಟೆ ನಿಯಮದ ಲೆಕ್ಕದಲ್ಲೂ ರಾತ್ರಿಯೇ. ಮಿಕ್ಸಿ ಸದ್ದು ಗಾಳಿಯಲ್ಲಿ ಹೋಗುವುದಕ್ಕಿಂತ ಕಲ್ಲಿನ ಕಟ್ಟೆಯಿಂದ ಗೋಡೆಗೆ, ಗೋಡೆಯಿಂದ ಮೇಲಿನ ಮನೆಗೆ ಅದುರಿಕೊಂಡು ಹೋಗುತ್ತದೆ. ಕಟ್ಟೆಯ ಮೇಲೆ ದಪ್ಪ ರಬ್ಬರ್ ಮ್ಯಾಟ್ ಹಾಕಿ, ಮಿಕ್ಸಿಯನ್ನು ಗೋಡೆಯಿಂದ ಒಂದು ಗೇಣು ದೂರ ಇಡಿ. ಬಟ್ಟೆ ಮಡಚಿ ಇಡಬೇಡಿ, ಅಡಿಯಲ್ಲಿ ಗಾಳಿ ಹೋಗುವ ತೂತು ಮುಚ್ಚಿ ಮೋಟರ್ ಬಿಸಿಯಾಗುತ್ತದೆ. ಚಟ್ನಿ ಆರರ ಮೇಲೆ ರುಬ್ಬಿ, ಮಸಾಲೆ ಹಿಂದಿನ ದಿನವೇ ರುಬ್ಬಿ ಫ್ರಿಜ್‌ನಲ್ಲಿಡಿ. ಇಷ್ಟು ಮಾಡಿಯೇ ಮೇಲೆ ಹೋಗಿ, ‘ಸದ್ದು ಈಗ ಹೇಗಿದೆ’ ಅಂತ ಕೇಳಿ. ‘ನೀವು ಗಾಡಿ ಸರಿ ನಿಲ್ಲಿಸಿದರೆ ನಾವು ಮಿಕ್ಸಿ ನಿಲ್ಲಿಸ್ತೀವಿ’ ಅನ್ನುವ ವ್ಯಾಪಾರ ಬೇಡ. ಎರಡನ್ನೂ ಗಂಟು ಹಾಕಿದರೆ ನಾಳೆ ಯಾವುದೋ ಒಂದು ತಪ್ಪಿದಾಗ ಎರಡೂ ಬಿಚ್ಚಿಹೋಗುತ್ತವೆ.

ಆಮೇಲೆ ಗಾಡಿ ವಿಷಯ. ನಿಮಗೆ ಆಗುವ ತೊಂದರೆಯಿಂದ ಶುರು ಮಾಡಬೇಡಿ, ಒಂದು ಪ್ರಶ್ನೆಯಿಂದ ಶುರು ಮಾಡಿ: ‘ಅಣ್ಣಾ, ರಾತ್ರಿ ಬಂದು ನಿಲ್ಲಿಸುವಾಗ ಆ ಜಾಗದಲ್ಲಿ ನಿಮಗೇನು ಕಷ್ಟ ಆಗ್ತಿದೆ?’ ಹೇಳಲು ಬಿಡಿ. ಇಲ್ಲೇ ಒಂದು ಉದಾಹರಣೆ ನೆನಪಾಗುತ್ತದೆ. ಸಾಲಗಾಮೆ ರಸ್ತೆ ಕಡೆಯ ಒಂದು ಕಟ್ಟಡದಲ್ಲಿ ಇಬ್ಬರು ಇದೇ ರೀತಿ ತಿಂಗಳುಗಟ್ಟಲೆ ಮಾತು ಬಿಟ್ಟಿದ್ದರು. ಕೂರಿಸಿ ಕೇಳಿದಾಗ ಗೊತ್ತಾಗಿದ್ದು, ಒಬ್ಬರ ಜಾಗದ ಮೇಲೆ ಬಚ್ಚಲ ಪೈಪಿನ ಜಾಯಿಂಟ್ ಸೋರಿ ಬಾನೆಟ್ ಮೇಲೆ ಹನಿ ಬೀಳುತ್ತಿತ್ತು. ಬಣ್ಣ ಹಾಳಾಗುತ್ತದೆ ಅಂತ ಅವರು ಗಾಡಿಯನ್ನು ಒಂದೂವರೆ ಅಡಿ ಪಕ್ಕಕ್ಕೆ ಸರಿಸುತ್ತಿದ್ದರು. ಯಾರಿಗೂ ಹೇಳಿರಲಿಲ್ಲ, ಯಾರೂ ಕೇಳಿರಲಿಲ್ಲ. ಪ್ಲಂಬರ್ ಬಂದು ಜಾಯಿಂಟ್ ಬದಲಿಸಿದ ಮೇಲೆ ಗಾಡಿ ತನ್ನ ಗೆರೆಯೊಳಗೆ ಬಂತು. ನಿಮ್ಮಲ್ಲಿ ಪೈಪ್ ಇಲ್ಲದಿರಬಹುದು, ಕಂಬದ ಪಕ್ಕ ಯಾರದೋ ಸ್ಕೂಟರ್ ನಿಂತಿರಬಹುದು, ಬಲ್ಬ್ ಕೆಟ್ಟು ಕಂಬ ಕಾಣದೇ ಇರಬಹುದು. ಟೇಪ್ ಹಿಡಿದು ಎಲ್ಲರೂ ಒಟ್ಟಿಗೆ ಕೆಳಗೆ ಹೋಗಿ, ಲೆಕ್ಕವನ್ನು ಅಲ್ಲೇ ತೋರಿಸಿ. ಅಳತೆ ಅವರ ಕೈಯಲ್ಲೇ ಆಗಲಿ. ನೀವು ಅಳೆದು ತಂದ ಸಂಖ್ಯೆ ಮೇಲೆ ಅನುಮಾನ ಬರುತ್ತದೆ, ತಾವೇ ಅಳೆದ ಮೇಲೆ ಬರುವುದಿಲ್ಲ.

ಅವರು ಮತ್ತೆ ‘ಎಲ್ಲಿ ಬರೆದಿದೆ’ ಅಂದರೆ ಜೆರಾಕ್ಸ್ ಕೊಡಿ. ‘ನಿಮ್ಮ ಪತ್ರದಲ್ಲಿ 8 ಅಂತ ಇದೆಯಾ, ಒಂದು ಸಲ ನೋಡಿ ಅಣ್ಣಾ’ ಅನ್ನಿ. ಅವರ ಪತ್ರದಲ್ಲೂ ಬರೀ ‘ಒಂದು ಕಾರ್ ಪಾರ್ಕಿಂಗ್’ ಅಂತಿದ್ದರೆ ನಿಮ್ಮಿಬ್ಬರ ಸ್ಥಿತಿಯೂ ಒಂದೇ. ಆಗ ಗೆರೆಯನ್ನು ಕಾಗದಕ್ಕೆ ಇಳಿಸುವುದು ಅವರಿಗೂ ಬೇಕಾಗುತ್ತದೆ.

ಒಪ್ಪಿಗೆಯಾದರೆ ಒಂದು ತಿಂಗಳು ಸೀಮೆಸುಣ್ಣದ ಗೆರೆಯಲ್ಲೇ ನಡೆಸಿ ನೋಡಿ, ಆಮೇಲೆ ಹಳದಿ ಪೇಂಟ್. ಗಾಡಿ ಎಷ್ಟು ಒಳಗೆ ಹೋಗಬೇಕು ಅನ್ನುವುದಕ್ಕೆ ಚಕ್ರಕ್ಕೆ ತಡೆಯಾಗುವ ರಬ್ಬರ್ ಸ್ಟಾಪರ್ ಹಾಕಿಸಬಹುದು, ಎಲ್ಲರೂ ಒಪ್ಪಿದರೆ ಮಾತ್ರ. ಗ್ರೂಪಿಗೆ ಇನ್ನು ಫೋಟೊ ಹಾಕಬೇಡಿ. ಒಪ್ಪಂದವಾದ ದಿನ ಒಂದೇ ಸಂದೇಶ ಹಾಕಿ: ‘7 ಮತ್ತು 8ರ ವಿಷಯ ಇಬ್ಬರೂ ಕೂತು ಮಾತಾಡಿ ಬಗೆಹರಿಸಿಕೊಂಡಿದ್ದೇವೆ. ಮೊದಲು ಇಲ್ಲಿ ಫೋಟೊ ಹಾಕಿದ್ದಕ್ಕೆ ಬೇಸರ ಮಾಡಿಕೊಳ್ಳಬೇಡಿ.’ ಎಲ್ಲರೆದುರು ಹೋದ ಅವರ ಮಾನ ಎಲ್ಲರೆದುರೇ ವಾಪಸ್ ಬರಬೇಕು. ಇದಿಲ್ಲದೆ ಬಾಗಿಲ ಹಿಂದೆ ಆದ ಒಪ್ಪಂದ ಹೆಚ್ಚು ದಿನ ನಿಲ್ಲುವುದಿಲ್ಲ.

ಮಾತು ಮುರಿದರೆ ಮುಂದಿನ ಹೆಜ್ಜೆ ಕಟ್ಟಡದ ಸಂಘ. ಕಾರ್ಯದರ್ಶಿಗೆ ಒಂದು ಪುಟದ ಪತ್ರ ಕೊಡಿ, ನಿಮ್ಮ ಪ್ರತಿಯ ಮೇಲೆ ಸಹಿ, ದಿನಾಂಕ ಹಾಕಿಸಿಕೊಳ್ಳಿ. ಮೂರು ನಾಲ್ಕು ಫೋಟೊ ಸಾಕು, ಗಾಡಿ ಮತ್ತು ಗೆರೆ ಮಾತ್ರ ಕಾಣಲಿ, ಮನುಷ್ಯರು ಬೇಡ. ಪತ್ರದಲ್ಲಿ ಅವರ ಮೇಲೆ ಕ್ರಮ ಕೇಳಬೇಡಿ, ಹದಿನಾರೂ ಮನೆಯ ಪಾರ್ಕಿಂಗ್ ಪಟ್ಟಿ ಕೇಳಿ. ಎಷ್ಟೋ ಸಣ್ಣ ಕಟ್ಟಡಗಳಲ್ಲಿ ನೋಂದಾಯಿತ ಸಂಘವೇ ಇರುವುದಿಲ್ಲ, ನೀರಿನ ಮೋಟರ್ ದುಡ್ಡು ವಸೂಲಿ ಮಾಡುವ ಒಬ್ಬರು ಇರುತ್ತಾರೆ ಅಷ್ಟೇ. ಹಾಗಿದ್ದರೂ ಮಾಲೀಕರೆಲ್ಲ ಸೇರಿ ನಕ್ಷೆ ಬರೆದು, ಯಾವ ನಂಬರ್ ಯಾವ ಮನೆಗೆ ಅಂತ ಹಾಕಿ ಸಹಿ ಮಾಡಿದರೆ ಮುಂದೆ ಎಲ್ಲಿ ಹೋದರೂ ಅದು ಸಾಕ್ಷಿಯಾಗಿ ಉಪಯೋಗಕ್ಕೆ ಬರುತ್ತದೆ. ಬಾಡಿಗೆಗೆ ಇರುವ ಮನೆಗಳಿಗೆ ಮಾಲೀಕರ ಸಹಿ ಬೇಕು, ಬಾಡಿಗೆದಾರರದ್ದು ಸಾಲದು. ಅದೇ ಸಭೆಯಲ್ಲಿ ನೆಂಟರ ಗಾಡಿಯ ನಿಯಮವನ್ನೂ ಬರೆದುಬಿಡಿ. ಹಾಸನಾಂಬೆ ಬಾಗಿಲು ತೆರೆದ ದಿನಗಳಲ್ಲಿ ಹಾಸನದ ಯಾವ ಮನೆಗೆ ನೆಂಟರು ಬರುವುದಿಲ್ಲ ಹೇಳಿ? ಆ ದಿನಗಳಲ್ಲಿ ಹೊರಗಿನ ಗಾಡಿ ಗೇಟಿನ ಹೊರಗೇ ನಿಲ್ಲಬೇಕು, ಬೇಕಿದ್ದರೆ ಮನೆಯವರು ತಮ್ಮ ಜಾಗ ನೆಂಟರಿಗೆ ಕೊಟ್ಟು ತಮ್ಮ ಗಾಡಿ ಹೊರಗೆ ಹಾಕಲಿ. ದಂಡ ಹಾಕುವುದಾದರೆ ಬೈಲಾದಲ್ಲಿ ಅದಕ್ಕೆ ಅವಕಾಶ ಇದೆಯಾ ನೋಡಿಕೊಳ್ಳಿ. ನೀರು, ಕರೆಂಟ್ ನಿಲ್ಲಿಸುವ ಮಾತು ಯಾರಾದರೂ ಎತ್ತಿದರೆ ನೀವೇ ಬೇಡ ಅನ್ನಿ.

ಪೊಲೀಸರ ವಿಷಯ ಕೇಳಿದ್ದೀರಿ. ಯಾರಾದರೂ ಕೈ ಎತ್ತಿದರೆ, ಬೆದರಿಸಿದರೆ, ಗಾಡಿ ಜಖಂ ಮಾಡಿದರೆ ಯೋಚನೆ ಮಾಡದೆ 112ಕ್ಕೆ ಫೋನ್ ಮಾಡಿ. ಆದರೆ 7ನೇ ನಂಬರ್ ಯಾರದು ಅನ್ನೋದನ್ನು ಠಾಣೆಯಲ್ಲಿ ತೀರ್ಮಾನಿಸಲು ಆಗುವುದಿಲ್ಲ, ಅದು ಸಿವಿಲ್ ವ್ಯಾಜ್ಯ. ಇಬ್ಬರನ್ನೂ ಕರೆಸಿ ‘ಹೊಂದಿಕೊಂಡು ಹೋಗಿ’ ಅಂದು ಕಳಿಸುತ್ತಾರೆ. ನೀವು ಮೆಟ್ಟಿಲಲ್ಲಿ ಮಾಡಬಹುದಾಗಿದ್ದ ಮಾತನ್ನು ಠಾಣೆಯಲ್ಲಿ ಮಾಡಿದಂತಾಗುತ್ತದೆ, ಅವರಿಗೆ ಆದ ಅವಮಾನ ಮಾತ್ರ ಉಳಿಯುತ್ತದೆ.

ಹೊರಗಿನವರೇ ಬೇಕು ಅನಿಸಿದರೆ ಜಿಲ್ಲಾ ನ್ಯಾಯಾಲಯದ ಆವರಣದಲ್ಲಿರುವ ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರಕ್ಕೆ ಹೋಗಿ. ಕೇಸ್ ಹಾಕುವ ಮೊದಲೇ ಅರ್ಜಿ ತೆಗೆದುಕೊಳ್ಳುತ್ತಾರೆ, ಎದುರು ಪಕ್ಷಕ್ಕೆ ನೋಟಿಸ್ ಕಳಿಸಿ ಇಬ್ಬರನ್ನೂ ಕೂರಿಸುತ್ತಾರೆ. ಫೀಸ್ ಇಲ್ಲ. ಹೆಣ್ಣುಮಕ್ಕಳಿಗೆ ಆದಾಯ ಎಷ್ಟೇ ಇದ್ದರೂ ಉಚಿತ ಕಾನೂನು ನೆರವಿನ ಹಕ್ಕಿದೆ, ಆದ್ದರಿಂದ ಅರ್ಜಿ ನಿಮ್ಮ ಹೆಸರಿನಲ್ಲೇ ಇರಲಿ. ಮೊದಲು ವಿಚಾರಿಸಬೇಕಿದ್ದರೆ 15100ಕ್ಕೆ ಫೋನ್ ಮಾಡಬಹುದು. ಲೋಕ ಅದಾಲತ್‌ನಲ್ಲಿ ರಾಜಿಯಾಗಿ ಆದೇಶ ಬರೆದರೆ ಅದಕ್ಕೆ ಸಿವಿಲ್ ಕೋರ್ಟಿನ ಡಿಕ್ರಿಯಷ್ಟೇ ಬಲ, ಅದರ ಮೇಲೆ ಮೇಲ್ಮನವಿಯೂ ಇಲ್ಲ. ಆದರೆ ಎದುರಿನವರು ಒಪ್ಪದಿದ್ದರೆ ಅಲ್ಲಿ ಬಲವಂತವಾಗಿ ಏನನ್ನೂ ಹೇರುವುದಿಲ್ಲ. ಆಗ ಉಳಿಯುವುದು ಇಂಜಂಕ್ಷನ್ ದಾವೆ, ಅಂದರೆ ಅವರು ಹಾಗೆ ನಿಲ್ಲಿಸದಂತೆ ಕೋರ್ಟಿನಿಂದ ತಡೆ ಕೇಳುವುದು. ಅದು ವರ್ಷಗಟ್ಟಲೆ ಎಳೆಯಬಹುದು, ಅಷ್ಟರಲ್ಲಿ ಅವರ ಮಕ್ಕಳ ಓದು ಮುಗಿದು ಅವರು ಮನೆಯನ್ನೇ ಬಾಡಿಗೆಗೆ ಕೊಟ್ಟಿರಬಹುದು.

ಪ್ರಾಧಿಕಾರಕ್ಕೆ ಹೋಗುವುದಾದರೆ ‘ಸಿ’ ಷೆಡ್ಯೂಲ್ ಪುಟದ ಜೆರಾಕ್ಸ್, ಕಂಬದಿಂದ ಕಂಬದ ಅಳತೆ ಬರೆದ ಒಂದು ಕೈನಕ್ಷೆ, ಸಂಘಕ್ಕೆ ಕೊಟ್ಟ ಪತ್ರದ ಪ್ರತಿ, ಈ ಮೂರು ಇಟ್ಟುಕೊಂಡು ಹೋಗಿ. ವಾಟ್ಸಾಪ್ ಜಗಳದ ಸ್ಕ್ರೀನ್‌ಶಾಟ್‌ಗಳನ್ನು ಕೇಳಿದರೆ ಮಾತ್ರ ತೋರಿಸಿ.